ಬಸ್ಸಿನ ಮರೆಗೆ ಹೋದ ಆಟೋ

ನಾಲ್ಕು ರಸ್ತೆ ಕೂಡುವ ಸಿಗ್ನಲ್ಲಿನಲ್ಲಿ ಪ್ರತಿ ರಸ್ತೆಯಿಂದ ಬಂದ ವಾಹನ ಎಡಕ್ಕೆ ಹೋಗಬಹುದು, ನೇರ ಹೋಗಬಹುದು, ಬಲಕ್ಕೆ ತಿರುಗಬಹುದು. ಯೂ-ಟರ್ನ್ ಬಿಟ್ಟರೂ 12 ಬೇರೆ ಬೇರೆ ಲೆಕ್ಕಗಳಾದವು. ಯಾವ ಕಡೆಗೆ ಎಷ್ಟು ಸೆಕೆಂಡು ಹಸಿರು ದೀಪ ಕೊಡಬೇಕು, ಬಲತಿರುವಿಗೆ ಬೇರೆ ಸಿಗ್ನಲ್ ಬೇಕೇ ಎಂದು ತೀರ್ಮಾನಿಸುವವರಿಗೆ ಬೇಕಾದದ್ದು ಈ 12 ಲೆಕ್ಕ. ರಸ್ತೆ ಬದಿಯಲ್ಲಿ ಕುಳಿತು, ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕಿ ಎಣಿಸುವವರು ಇದನ್ನು ಬಹುಕಾಲದಿಂದ ಮಾಡಿಕೊಂಡು ಬಂದಿದ್ದಾರೆ. ಈಗ ಆ ಕೆಲಸವನ್ನು ಕಂಬದ ಮೇಲಿನ ಕ್ಯಾಮೆರಾದಿಂದ ಮಾಡಿಸುವ ಪ್ರಯತ್ನಗಳು ನಡೆದಿವೆ. 2024ರಲ್ಲಿ ನಡೆದ ಬೆಂಗಳೂರು ಮೊಬಿಲಿಟಿ ಚಾಲೆಂಜ್ ಸ್ಪರ್ಧೆ ಕೇಳಿದ್ದೂ ಇದನ್ನೇ: ನಗರದ ಕ್ಯಾಮೆರಾಗಳ ವಿಡಿಯೊ ನೋಡಿ, ಯಾವ ಬಗೆಯ ವಾಹನ ಎಷ್ಟು, ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಹೇಳಿ.

ವಿಡಿಯೊ ಎಂದರೆ ಸೆಕೆಂಡಿಗೆ 25ರಷ್ಟು ಬಿಡಿ ಚಿತ್ರಗಳು. ವಾಹನ ಗುರುತಿಸುವ ತಂತ್ರಾಂಶ ಒಂದೊಂದು ಚಿತ್ರದಲ್ಲೂ ಆಟೋ, ಬಸ್ಸು, ಬೈಕುಗಳ ಸುತ್ತ ಚೌಕ ಹಾಕುತ್ತದೆ. ಆದರೆ ಈ ಚಿತ್ರದ ಆಟೋ ಹಿಂದಿನ ಚಿತ್ರದಲ್ಲಿದ್ದ ಆಟೋವೇ ಎಂಬುದು ಅದಕ್ಕೆ ತಿಳಿಯದು. ಚೌಕಗಳನ್ನು ಜೋಡಿಸಿ ಪ್ರತಿ ವಾಹನಕ್ಕೂ ಒಂದು ಗುರುತಿನ ಸಂಖ್ಯೆ ಕೊಡುವುದು ಟ್ರ್ಯಾಕರ್‌ನ ಕೆಲಸ. 2016ರಲ್ಲಿ ಬಂದ ಸಾರ್ಟ್ ಎಂಬ ಸರಳ ಟ್ರ್ಯಾಕರ್‌ನ ದಾರಿಯನ್ನೇ ಇಂದಿಗೂ ಹಲವು ಟ್ರ್ಯಾಕರ್‌ಗಳು ಹಿಡಿದಿವೆ. ಈವರೆಗಿನ ಚಲನೆ ನೋಡಿ ಮುಂದಿನ ಚಿತ್ರದಲ್ಲಿ ಪ್ರತಿ ವಾಹನ ಎಲ್ಲಿರಬಹುದು ಎಂದು ಅದು ಊಹಿಸುತ್ತದೆ. ಊಹೆಯ ಚೌಕದ ಮೇಲೆ ನಿಜವಾದ ಯಾವ ಚೌಕ ಹೆಚ್ಚು ಹೊಂದಿಕೊಂಡು ಕೂರುತ್ತದೋ ಅದಕ್ಕೆ ಹಳೆಯ ಸಂಖ್ಯೆಯನ್ನೇ ಕೊಡುತ್ತದೆ.

ಗಂಟೆಗೆ 36 ಕಿಲೋಮೀಟರ್ ವೇಗದ ಬೈಕು ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. ಸೆಕೆಂಡಿಗೆ 25 ಚಿತ್ರವಿದ್ದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಅದು ಸರಿಯುವುದು 40 ಸೆಂಟಿಮೀಟರ್. ಸುಮಾರು ಎರಡು ಮೀಟರ್ ಉದ್ದದ ಬೈಕಿನ ಹೊಸ ಚೌಕ ಹಳೆಯದರ ಮೇಲೆ ಬಹುಪಾಲು ಕೂರುತ್ತದೆ. ನೆಟ್‌ವರ್ಕ್ ಹೊರೆ ಇಳಿಸಲೆಂದು ಅದೇ ಕ್ಯಾಮೆರಾವನ್ನು ಸೆಕೆಂಡಿಗೆ 5 ಚಿತ್ರಕ್ಕೆ ಇಳಿಸಿದರೆ ಬೈಕು ಪ್ರತಿ ಸಲ ಎರಡು ಮೀಟರ್ ಜಿಗಿಯುತ್ತದೆ, ಚೌಕಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಆಗಷ್ಟೇ ಕಾಣಿಸಿಕೊಂಡ, ವೇಗ ಇನ್ನೂ ತಿಳಿಯದ ಬೈಕನ್ನು ಟ್ರ್ಯಾಕರ್ ಅಲ್ಲೇ ಕೈಬಿಡುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಬಸ್ಸು ಬರುತ್ತದೆ. ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತಿರುವ ಆಟೋ ಮತ್ತು ಕ್ಯಾಮೆರಾದ ನಡುವೆ ಅದೇ ದಿಕ್ಕಿಗೆ ಹೋಗುವ ಬಸ್ಸು ಸೇರಿಕೊಂಡರೆ ಆಟೋ ಮೂರು ಸೆಕೆಂಡು, ಅಂದರೆ 75 ಚಿತ್ರಗಳ ಕಾಲ, ಮರೆಯಾಗಿರುತ್ತದೆ. ಅರ್ಧ ಮರೆಯಾದ ವಾಹನದ ಅಸ್ಪಷ್ಟ ಚೌಕವನ್ನು ಎಸೆಯದೆ ಎರಡನೇ ಸುತ್ತಿನಲ್ಲಿ ಜೋಡಿಸಿ ನೋಡುವ ಬೈಟ್‌ಟ್ರ್ಯಾಕ್ ವಿಧಾನ 2021ರಲ್ಲಿ ಬಂದು ತುಂಬ ಉಪಕಾರ ಮಾಡಿತು. ಆದರೆ ಪೂರ್ತಿ ಕಾಣದ ಆಟೋಗೆ ಚೌಕವೇ ಇಲ್ಲ. ಕಾಣದ ವಾಹನಕ್ಕಾಗಿ ಅದು ಮಾಮೂಲಿಯಾಗಿ ಕಾಯುವುದು ಸುಮಾರು ಒಂದು ಸೆಕೆಂಡು. ಆಮೇಲೆ ಸಂಖ್ಯೆ ರದ್ದಾಗುತ್ತದೆ, ಬಸ್ಸು ಸರಿದ ಮೇಲೆ ಆಟೋ ಹೊಸ ಸಂಖ್ಯೆ ಹೊತ್ತು ಬರುತ್ತದೆ.

ಕಾಯುವ ಸಮಯವನ್ನು ಮೂರು ಸೆಕೆಂಡಿಗೆ ಏರಿಸಬಹುದಲ್ಲ ಎನ್ನಿಸುತ್ತದೆ. ಏರಿಸಿದರೆ ಇನ್ನೊಂದು ತೊಂದರೆ. ಬಸ್ಸಿನ ಮರೆಯಲ್ಲಿ ಆಟೋ ಬ್ರೇಕ್ ಹಾಕಿರಬಹುದು. ಟ್ರ್ಯಾಕರ್‌ನ ಊಹೆ ಮಾತ್ರ ಹಳೆಯ ವೇಗದಲ್ಲೇ ಮುಂದೆ ಹೋಗಿ ಬೇರೊಂದು ಆಟೋದ ಮೇಲೆ ಕೂರುತ್ತದೆ. ಈಗ ಒಂದರ ಗುರುತು ಇನ್ನೊಂದಕ್ಕೆ ಅಂಟಿತು. ರೂಪ, ಬಣ್ಣ ಹೋಲಿಸಿ ನೋಡುವ ಡೀಪ್‌ಸಾರ್ಟ್‌ನಂಥ ವಿಧಾನಗಳು ಕೆಂಪು ಕಾರನ್ನೂ ಬಿಳಿ ಕಾರನ್ನೂ ಚೆನ್ನಾಗಿ ಬೇರ್ಪಡಿಸುತ್ತವೆ. ಸಾಲು ಸಾಲು ಹಸಿರು-ಹಳದಿ ಆಟೋಗಳ ಬೆಂಗಳೂರಿನಲ್ಲಿ ಅವುಗಳ ನೆರವು ಅಷ್ಟಕ್ಕಷ್ಟೆ.

ಗುರುತು ತುಂಡಾಗುವುದು, ಗುರುತು ಅದಲುಬದಲಾಗುವುದು, ಈ ಎರಡನ್ನೂ ಬೇರೆಯಾಗಿಯೇ ನೋಡಬೇಕು. ರಸ್ತೆಗೆ ಅಡ್ಡಲಾಗಿ ಒಂದೇ ಗೆರೆ ಕಲ್ಪಿಸಿ, ದಾಟಿದವರನ್ನಷ್ಟೇ ಎಣಿಸುವುದಾದರೆ ಗೆರೆಯಿಂದ ದೂರದಲ್ಲಿ ಏನು ತಪ್ಪಿದರೂ ಒಟ್ಟು ಲೆಕ್ಕ ಕೆಡುವುದಿಲ್ಲ. ತಿರುವಿನ ಲೆಕ್ಕಕ್ಕಾದರೆ ಒಳಬಂದ ಗೆರೆಯನ್ನೂ ಹೊರಹೋದ ಗೆರೆಯನ್ನೂ ಒಂದೇ ಸಂಖ್ಯೆ ದಾಟಿರಬೇಕು. 1000 ವಾಹನಗಳಲ್ಲಿ 60ರ ಗುರುತು ನಡುವೆ ತುಂಡಾಯಿತು ಎಂದುಕೊಳ್ಳೋಣ. ಹೊರಹೋಗದ 60 ಹಾಗೂ ಒಳಬರದ 60 ಸಂಖ್ಯೆಗಳು ಉಳಿದುಬಿಡುತ್ತವೆ. ಲೆಕ್ಕ ತಪ್ಪಿದೆ ಎಂದು ಪಟ್ಟಿಯೇ ಹೇಳುತ್ತದೆ.

ಅದಲುಬದಲು ಹಾಗೆ ಹೇಳುವುದಿಲ್ಲ. ಹಳದಿ ದೀಪದ ಕೊನೆಯಲ್ಲಿ ಉತ್ತರದಿಂದ ದಕ್ಷಿಣಕ್ಕೆ ಒಂದು ಆಟೋ ದಾಟುತ್ತಿದೆ, ಪಶ್ಚಿಮದಿಂದ ಪೂರ್ವಕ್ಕೆ ಇನ್ನೊಂದು ಆತುರದಿಂದ ನುಗ್ಗಿದೆ. ನಡುವೆ ಎರಡರ ಸಂಖ್ಯೆ ಬದಲಾದರೆ, ಉತ್ತರದಿಂದ ಬಂದದ್ದು ಎಡಕ್ಕೆ ತಿರುಗಿ ಪೂರ್ವಕ್ಕೂ ಪಶ್ಚಿಮದಿಂದ ಬಂದದ್ದು ಬಲಕ್ಕೆ ತಿರುಗಿ ದಕ್ಷಿಣಕ್ಕೂ ಹೋದಂತೆ ದಾಖಲಾಗುತ್ತದೆ. ಎರಡು ಒಳಗೆ, ಎರಡು ಹೊರಗೆ. ಮೊತ್ತವೆಲ್ಲ ತಾಳೆಯಾಗುತ್ತದೆ, ನಾಲ್ಕು ತಿರುವುಗಳ ಲೆಕ್ಕ ಮಾತ್ರ ತಪ್ಪಿರುತ್ತದೆ. ನನ್ನ ಮಟ್ಟಿಗೆ ಹೆಚ್ಚು ಭಯಪಡಬೇಕಾದದ್ದು ಇದಕ್ಕೇ. ಹಾಗಾಗಿ ಕಾಯುವ ಸಮಯವನ್ನು ಗಿಡ್ಡವಾಗಿಯೇ ಇಟ್ಟು, ಗುರುತು ತುಂಡಾದರೆ ಆಗಲಿ ಎಂದು ಬಿಟ್ಟು, ಆಮೇಲೆ ಹೊಲಿಯುವುದು ಮೇಲು.

ಹೊಲಿಯುವುದಕ್ಕೆ ಗಟ್ಟಿಯಾದ ಆಧಾರವೊಂದಿದೆ: ಯಾವ ವಾಹನವೂ ಜಂಕ್ಷನ್ನಿನ ನಡುವೆ ಹುಟ್ಟುವುದಿಲ್ಲ. ನಡುವೆ ಶುರುವಾದ ಪ್ರತಿ ಗುರುತಿಗೂ ಮೊದಲೊಂದು ತುಂಡು ಇರಲೇಬೇಕು. ಝೀಬ್ರಾ ಪಟ್ಟಿಯ ನಾಲ್ಕು ಮೂಲೆಗಳನ್ನು ನೆಲದ ಮೇಲೆ ಅಳೆದಿಟ್ಟುಕೊಂಡರೆ ಚಿತ್ರದ ದೂರವನ್ನು ಮೀಟರಿಗೆ ತರಬಹುದು. ನಮ್ಮ ಆಟೋ 41ನೇ ಸಂಖ್ಯೆಯಾಗಿ 1200ನೇ ಚಿತ್ರದಲ್ಲಿ ಕಾಣೆಯಾಯಿತು, ಆಗ ಅದರ ವೇಗ ಸೆಕೆಂಡಿಗೆ 4 ಮೀಟರ್. 1275ನೇ ಚಿತ್ರದಲ್ಲಿ, ಅಂದರೆ ಮೂರು ಸೆಕೆಂಡಿನ ಮೇಲೆ, 10 ಮೀಟರ್ ಮುಂದೆ 58ನೇ ಸಂಖ್ಯೆಯ ಆಟೋ ಹುಟ್ಟಿತು. ವೇಗದ ಪ್ರಕಾರ ಅದು 12 ಮೀಟರ್ ಮುಂದಿರಬೇಕಿತ್ತು. ಸ್ವಲ್ಪ ನಿಧಾನಿಸಿದ ಆಟೋಗೆ ಈ ಅಂತರ ಸಹಜ. ಇನ್ನೂ ಹತ್ತಿರದಲ್ಲಿ, ಐದೇ ಮೀಟರ್ ದೂರದಲ್ಲಿ 44ನೇ ಸಂಖ್ಯೆ ಕೊನೆಗೊಂಡಿತ್ತು. ಆದರೆ ಅದು ಬೈಕು, ಬಲಕ್ಕೆ ತಿರುಗುತ್ತಿತ್ತು. ಬಗೆ ಮತ್ತು ದಿಕ್ಕು ಎರಡೂ ಹೊಂದುವ 41ಕ್ಕೇ 58ನ್ನು ಹೊಲಿಯಬೇಕು. ಇಬ್ಬರು ಅಭ್ಯರ್ಥಿಗಳೂ ಸಮಾನವಾಗಿ ಹೊಂದುವಂತಿದ್ದರೆ ಹೊಲಿಯದೆ ಬಿಡುವುದೇ ಸರಿ. ಬಿಟ್ಟದ್ದು ಕಡೇಪಕ್ಷ ಪಟ್ಟಿಯಲ್ಲಿ ಎದ್ದು ಕಾಣುತ್ತದೆ.

ಹಾಗಿದ್ದೂ ನುಸುಳಿದ ಅದಲುಬದಲನ್ನು ದಾರಿಯ ಆಕಾರದಿಂದ ಹಿಡಿಯಬಹುದು. ನಮ್ಮಲ್ಲಿ ಎಡಕ್ಕೆ ತಿರುಗುವವರು ಎಡ ಮೂಲೆಯನ್ನು ಒತ್ತಿಕೊಂಡೇ ಹೋಗುತ್ತಾರೆ. ಜಂಕ್ಷನ್ನಿನ ನಟ್ಟನಡುವಿನವರೆಗೆ ನೇರ ಹೋಗಿ, ಅಲ್ಲಿಂದ ಥಟ್ಟನೆ ಎಡಕ್ಕೆ ಮುರಿದ ದಾರಿ ಕಂಡರೆ ಅನುಮಾನಿಸಬೇಕು. ಆಟೋ ನಡುದಾರಿಯಲ್ಲಿ ಕಾರಾದರೂ ಅಷ್ಟೇ.

ಕೊನೆಗೆ ಮನುಷ್ಯನ ಕಣ್ಣು ಬೇಕೇ ಬೇಕು. ಬೆಳಗಿನ ದಟ್ಟಣೆ, ಮಳೆ, ಹೆಡ್‌ಲೈಟುಗಳ ಝಗಮಗ, ಒಂದೊಂದಕ್ಕೂ ಕಾಲು ಗಂಟೆಯ ವಿಡಿಯೊ ಆರಿಸಿ, ಒಬ್ಬರು ಕೂತು 12 ಲೆಕ್ಕಗಳನ್ನೂ ಬೇರೆಬೇರೆಯಾಗಿ ಎಣಿಸಿ ಯಂತ್ರದ ಲೆಕ್ಕದ ಪಕ್ಕ ಇಡಬೇಕು. ಮೊತ್ತ ಹೊಂದಿ ತಿರುವುಗಳು ಹೊಂದದಿದ್ದರೆ ಅದಲುಬದಲಿನ ಶಂಕೆ ಗಟ್ಟಿಯಾಗುತ್ತದೆ. ಆಗ ತಂತ್ರಾಂಶ ತಿದ್ದುವ ಮೊದಲು ಕ್ಯಾಮೆರಾವನ್ನು ಎತ್ತರಿಸಿ ನೋಡಬೇಕು, ಮೇಲಿನಿಂದ ನೋಡಿದಷ್ಟೂ ಬಸ್ಸಿನ ಮರೆ ಕಿರಿದಾಗುತ್ತದೆ. ಅದಕ್ಕೆ ಆಸ್ಪದವಿಲ್ಲದಿದ್ದರೆ, ಆ ಹೊತ್ತಿನ ತಿರುವಿನ ಅಂಕಿಗಳನ್ನು ಕೈಬಿಟ್ಟು, ಪ್ರತಿ ರಸ್ತೆಯ ಒಳಬಂದ ಮತ್ತು ಹೊರಹೋದ ಲೆಕ್ಕವನ್ನಷ್ಟೇ ಸಂಚಾರ ಎಂಜಿನಿಯರ್ ಕೈಗೆ ಕೊಡಬೇಕು.