ಹಿಂದಿರುಗಿ ಓದುವ ಯಂತ್ರ: ದ್ವಿಮುಖ ಪರಿಮಿತ ಯಂತ್ರದ ಮಿತಿ

ಕ್ಷೇತ್ರಕಾರ್ಯದ ಧ್ವನಿಸುರುಳಿಯನ್ನು ಹಿಂದಕ್ಕೆ ಸುತ್ತಿ ಕೇಳಿದವರಿಗೆ ಮರು ಆಲಿಕೆಯ ಲಾಭ ತಿಳಿದೇ ಇರುತ್ತದೆ. ಮೊದಲ ಸಲ ತಪ್ಪಿಹೋದ ಪದ ಎರಡನೆಯ ಸಲ ದಕ್ಕುತ್ತದೆ. ಆದ್ದರಿಂದ ಟೇಪಿನ ಮೇಲೆ ಮುಂದಕ್ಕಷ್ಟೇ ಸಾಗುವ ಯಂತ್ರಕ್ಕಿಂತ ಹಿಂದಕ್ಕೂ ಸರಿಯಬಲ್ಲ ಯಂತ್ರವು ಹೆಚ್ಚಿನದನ್ನು ಗುರುತಿಸಬಲ್ಲದೆಂದು ಊಹಿಸುವುದು ಸಹಜ. ಈ ಊಹೆ ತಪ್ಪೆಂಬುದನ್ನು 1959ರಲ್ಲಿ ಮೈಕೆಲ್ ರೇಬಿನ್ ಮತ್ತು ಡೇನಾ ಸ್ಕಾಟ್ ತೋರಿಸಿದರು. ಐಬಿಎಂ ಸಂಸ್ಥೆಯ ಸಂಶೋಧನಾ ಪತ್ರಿಕೆಯಲ್ಲಿ ಅದೇ ವರ್ಷ ಜೆ. ಸಿ. ಷೆಫರ್ಡ್‌ಸನ್ ನೀಡಿದ ಸಾಧನೆಯು ಹೆಚ್ಚು ಸರಳವಾದುದು. ಇಲ್ಲಿ ಅನುಸರಿಸಿರುವುದು ಆತನ ಮಾರ್ಗವನ್ನೇ.

ಪರಿಮಿತ ಯಂತ್ರಕ್ಕೆ ಎಣಿಸಬಹುದಾದಷ್ಟೇ ‘ಸ್ಥಿತಿ’ಗಳಿರುತ್ತವೆ, ಅದರ ನೆನಪೆಲ್ಲ ಅಷ್ಟೇ. ಟೇಪಿನ ಮೇಲಿನ ಒಂದು ಅಕ್ಷರವನ್ನು ಅದರ ಹೆಡ್ ಓದುತ್ತದೆ. ಓದಿದ ಅಕ್ಷರ ಹಾಗೂ ಆಗಿನ ಸ್ಥಿತಿ ಇವೆರಡೇ ಮುಂದಿನ ಹೆಜ್ಜೆಯನ್ನು ನಿರ್ಧರಿಸುತ್ತವೆ. ಟೇಪಿನ ಮೇಲೆ ಬರೆಯುವ ಅಧಿಕಾರ ಅದಕ್ಕಿಲ್ಲ. ದ್ವಿಮುಖ ಯಂತ್ರದಲ್ಲಿ ಹೆಡ್ ಎಡಕ್ಕೂ ಬಲಕ್ಕೂ ಚಲಿಸುತ್ತದೆ; ಟೇಪಿನ ಎರಡೂ ತುದಿಗಳಲ್ಲಿ ಗಡಿಗುರುತುಗಳಿರುತ್ತವೆ.

ಒಂದು ನಿದರ್ಶನವನ್ನು ನೋಡಬಹುದು. ‘ಕ’ ಮತ್ತು ‘ಮ’ ಎಂಬ ಎರಡೇ ಅಕ್ಷರಗಳ ಸಾಲಿನಲ್ಲಿ ಕೊನೆಯಿಂದ ಮೂರನೆಯದು ‘ಕ’ ಆಗಿದ್ದರೆ ಮಾತ್ರ ಸಾಲನ್ನು ಒಪ್ಪಬೇಕು. ದ್ವಿಮುಖ ಯಂತ್ರಕ್ಕೆ ಇದು ಸುಲಭ. ‘ಓಟ’ದ ಸ್ಥಿತಿಯಲ್ಲಿ ಅದು ಬಲತುದಿಯವರೆಗೆ ಹೋಗುತ್ತದೆ. ಅಲ್ಲಿಂದ ತಿರುಗಿ ಒಂದನೆಯ, ಎರಡನೆಯ, ಮೂರನೆಯ ಹೆಜ್ಜೆಯ ಸ್ಥಿತಿಗಳಲ್ಲಿ ಎಡಕ್ಕೆ ಬಂದು, ಮೂರನೆಯದರಲ್ಲಿ ಕಂಡ ಅಕ್ಷರವನ್ನು ಪರೀಕ್ಷಿಸುತ್ತದೆ. ನಡುವೆ ಎಡಗಡಿ ಸಿಕ್ಕರೆ ಸಾಲನ್ನು ತಿರಸ್ಕರಿಸುತ್ತದೆ. ಒಟ್ಟು ನಾಲ್ಕು ಸ್ಥಿತಿಗಳು ಸಾಕು.

ಏಕಮುಖ ಯಂತ್ರ ಹಿಂದಿರುಗಲಾರದು. ಹಾಗಾದರೆ ಅದು ಏನನ್ನು ನೆನಪಿಟ್ಟುಕೊಳ್ಳಬೇಕು? ಓದಿ ಮುಗಿಸಿದ ಭಾಗವನ್ನು ಒಂದೇ ಹೆಬ್ಬಾಗಿಲಿನ ಊರೆಂದು ಭಾವಿಸಬಹುದು. ಹೆಡ್ ಮರಳಿ ಒಳಹೊಕ್ಕರೆ ಹೊರಬರಲು ಬೇರೆ ದಾರಿಯಿಲ್ಲ. ಒಳಗೆ ಅದು ಎಷ್ಟು ಸುತ್ತಿತೆಂಬುದು ಬಾಗಿಲು ಕಾಯುವವನಿಗೆ ಬೇಕಿಲ್ಲ. ಯಾವ ಸ್ಥಿತಿಯಲ್ಲಿ ಹೊಕ್ಕರೆ ಯಾವ ಸ್ಥಿತಿಯಲ್ಲಿ ಹೊರಬರುತ್ತದೆ, ಅಥವಾ ಹೊರಬರದೆ ಒಳಗೇ ಒಪ್ಪುತ್ತದೆಯೋ ಇಲ್ಲವೋ ಎಂಬ ಒಂದು ಪಟ್ಟಿಯಿದ್ದರೆ ಸಾಕು. ಒಳಗೇ ಕೊನೆಯಿಲ್ಲದೆ ಸುತ್ತುತ್ತಿದ್ದರೆ ಅದೂ ‘ಇಲ್ಲ’ವೇ. ಷೆಫರ್ಡ್‌ಸನ್ನನ ಸಾಧನೆಯ ತಿರುಳು ಈ ಪಟ್ಟಿ.

ನಮ್ಮ ನಿದರ್ಶನದಲ್ಲಿ ಪಟ್ಟಿಗೆ ಮೂರೇ ನಮೂದುಗಳು: ಒಂದನೆಯ, ಎರಡನೆಯ, ಮೂರನೆಯ ಹೆಜ್ಜೆಯ ಸ್ಥಿತಿಯಲ್ಲಿ ಹೊಕ್ಕರೆ ಒಪ್ಪಿಗೆಯುಂಟೇ? ಆರಂಭದಲ್ಲಿ ಮೂರಕ್ಕೂ ‘ಇಲ್ಲ’. ಹೊಸ ಅಕ್ಷರವೊಂದು ಸೇರಿದಾಗ, ಮೂರನೆಯ ಹೆಜ್ಜೆಯಲ್ಲಿರುವ ಹೆಡ್ ಆ ಅಕ್ಷರವನ್ನೇ ಪರೀಕ್ಷಿಸುತ್ತದೆ. ಎರಡನೆಯ ಹೆಜ್ಜೆಯದು ಅದನ್ನು ದಾಟಿ ಮೂರನೆಯ ಹೆಜ್ಜೆಯಾಗಿ ಹಳೆಯ ಊರನ್ನು ಹೊಗುತ್ತದೆ. ಅದರ ಉತ್ತರ ಹಳೆಯ ಪಟ್ಟಿಯಲ್ಲೇ ಇದೆ. ಒಂದನೆಯದಕ್ಕೂ ಹೀಗೆಯೇ. ‘ಮಕಮಮ’ ಎಂಬ ಸಾಲನ್ನು ಓದಿದರೆ ಪಟ್ಟಿಯು ಕ್ರಮವಾಗಿ ‘ಇಲ್ಲ, ಇಲ್ಲ, ಇಲ್ಲ’, ‘ಇಲ್ಲ, ಇಲ್ಲ, ಉಂಟು’, ‘ಇಲ್ಲ, ಉಂಟು, ಇಲ್ಲ’, ‘ಉಂಟು, ಇಲ್ಲ, ಇಲ್ಲ’ ಎಂದಾಗುತ್ತದೆ. ಬಲಗಡಿಯಿಂದ ಹೆಡ್ ಮರಳುವುದು ಒಂದನೆಯ ಹೆಜ್ಜೆಯ ಸ್ಥಿತಿಯಲ್ಲಿ. ಅಲ್ಲಿರುವ ಉತ್ತರ ‘ಉಂಟು’. ಆದುದರಿಂದ ಸಾಲು ಒಪ್ಪಿತ. ಹೆಡ್ ಒಮ್ಮೆಯೂ ಹಿಂದಕ್ಕೆ ಸರಿಯಲಿಲ್ಲ.

ಸಾಮಾನ್ಯ ಸಂದರ್ಭದಲ್ಲಿ ಹಳೆಯ ಊರಿನಿಂದ ಹೊರಬಂದ ಹೆಡ್ ಹೊಸ ಅಕ್ಷರದಿಂದ ಮತ್ತೆ ಒಳಹೊಗಬಹುದು. ಆಗ ಪಟ್ಟಿಯನ್ನು ಮತ್ತೆ ನೋಡಬೇಕು. ಅದೇ ಅಕ್ಷರದ ಮೇಲೆ ಅದೇ ಸ್ಥಿತಿ ಮರುಕಳಿಸಿದರೆ ಯಂತ್ರ ಸುಳಿಯಲ್ಲಿ ಸಿಕ್ಕಿದೆಯೆಂದೇ ಅರ್ಥ. ಸ್ಥಿತಿಗಳು ಪರಿಮಿತವಾದ್ದರಿಂದ ಈ ವಿಚಾರಣೆ ಬೇಗ ಮುಗಿಯುತ್ತದೆ. ಹೊಸ ಅಕ್ಷರಕ್ಕೆ ಹೆಡ್ ಮೊದಲ ಬಾರಿ ಯಾವ ಸ್ಥಿತಿಯಲ್ಲಿ ಬಂತೆಂಬುದನ್ನೂ ಪಟ್ಟಿಯ ಜೊತೆಗೆ ಇಟ್ಟುಕೊಳ್ಳಬೇಕು. ನಾಲ್ಕು ಸ್ಥಿತಿಗಳ ಯಂತ್ರದಲ್ಲಿ ಪ್ರತಿ ನಮೂದಿಗೆ ಆರು ಉತ್ತರಗಳು ಸಾಧ್ಯ. ಪಟ್ಟಿಗಳು ಹೆಚ್ಚೆಂದರೆ 1,296. ಸಂಖ್ಯೆ ದೊಡ್ಡದಾದರೂ ಪರಿಮಿತ. ಪ್ರತಿಯೊಂದು ಪಟ್ಟಿಯನ್ನೂ ಏಕಮುಖ ಯಂತ್ರದ ಒಂದು ಸ್ಥಿತಿಯಾಗಿಸಬಹುದು. ನಮ್ಮ ನಿದರ್ಶನದಲ್ಲಿ ನಿಜವಾಗಿ ಒದಗುವವು ಎಂಟೇ.

ಆದರೆ ಹಿಂದಿರುಗುವ ಸೌಲಭ್ಯ ನಿರರ್ಥಕವೆಂದು ಹೇಳುವಂತಿಲ್ಲ. ಕೊನೆಯಿಂದ ಇಪ್ಪತ್ತನೆಯ ಅಕ್ಷರವನ್ನು ಕೇಳಿದರೆ ದ್ವಿಮುಖ ಯಂತ್ರಕ್ಕೆ 21 ಸ್ಥಿತಿಗಳು ಸಾಕು. ಏಕಮುಖ ಯಂತ್ರಕ್ಕೆ 10,48,576 ಸ್ಥಿತಿಗಳು ಬೇಕೇ ಬೇಕು. ಕೊನೆಯ ಇಪ್ಪತ್ತು ಅಕ್ಷರಗಳ ಯಾವ ಎರಡು ಜೋಡಣೆಗಳನ್ನು ಅದು ಒಂದೆಂದು ಬಗೆದರೂ ಮುಂದೆಂದಾದರೂ ತಪ್ಪು ತೀರ್ಪು ಬರುತ್ತದೆ. ಉಳಿತಾಯವಾಗುವುದು ಯಂತ್ರದ ಗಾತ್ರ, ಗುರುತಿಸುವ ಶಕ್ತಿಯಲ್ಲ.

ಆ ಶಕ್ತಿಯ ಎಲ್ಲೆಯೂ ಪಟ್ಟಿಯಿಂದಲೇ ಗೋಚರಿಸುತ್ತದೆ. ಮೊದಲು ಒಂದಷ್ಟು ‘ಕ’, ಅನಂತರ ಅಷ್ಟೇ ‘ಮ’ ಇರುವ ಸಾಲುಗಳನ್ನಷ್ಟೇ ಒಪ್ಪುವ ದ್ವಿಮುಖ ಯಂತ್ರ ಸಾಧ್ಯವಿಲ್ಲ. ಪಟ್ಟಿಗಳು ಪರಿಮಿತ, ‘ಕ’ಗಳ ಸಂಖ್ಯೆ ಅಪರಿಮಿತ, ಎಲ್ಲೋ ಎರಡು ಬೇರೆ ಸಂಖ್ಯೆಗಳಿಗೆ ಒಂದೇ ಪಟ್ಟಿ ಬಂದೀತು, ಆ ಬಳಿಕ ಅವನ್ನು ಬೇರ್ಪಡಿಸಲು ಯಂತ್ರಕ್ಕೆ ಆಗದು. ಎರಡು ಹೆಡ್‌ಗಳಿದ್ದರೆ ಮಾತು ಬೇರೆ. ಒಂದನ್ನು ಮೊದಲ ‘ಕ’ದ ಮೇಲೆ, ಇನ್ನೊಂದನ್ನು ಮೊದಲ ‘ಮ’ದ ಮೇಲೆ ಇಟ್ಟು ಜೊತೆಜೊತೆಯಾಗಿ ನಡೆಸಿದರೆ ಲೆಕ್ಕ ತೀರುತ್ತದೆ. ಒಂದು ಹೆಡ್ ಊರೊಳಗಿದ್ದಾಗ ಇನ್ನೊಂದು ಹೊರಗೆ ಎಷ್ಟು ದೂರವಿದೆಯೆಂಬುದನ್ನು ಯಾವ ಪರಿಮಿತ ಪಟ್ಟಿಯೂ ಹಿಡಿದಿಡಲಾರದು. ಷೆಫರ್ಡ್‌ಸನ್ನನ ವಾದ ಅಲ್ಲಿಗೆ ನಿಲ್ಲುತ್ತದೆ.