ಬೋರ್ಡಿಗಿಂತ ಮೊದಲು ಕೇಬಲ್

ನಮ್ಮ ಕಾಲೇಜಿನ ಎಲೆಕ್ಟ್ರಾನಿಕ್ಸ್ ಕ್ಲಬ್ ಮೈಕ್ರೋಕಂಟ್ರೋಲರ್ ಕಾರ್ಯಾಗಾರದ ನೋಟಿಸು ಹಾಕಿದೆ. ಶನಿವಾರ ಬೆಳಿಗ್ಗೆ 9.30ರಿಂದ ಸಂಜೆ 4ರವರೆಗೆ, ಆರ್ಡ್ವಿನೋ ಉನೋ ಬೋರ್ಡಿನ ಮೊದಲ ಪಾಠ. ಯಾವ ವಿಭಾಗದವರೂ ಬರಬಹುದು, ಪ್ರೋಗ್ರಾಮಿಂಗ್ ಗೊತ್ತಿರಬೇಕಿಲ್ಲ. ಇಷ್ಟು ಹೇಳಿ, ಉಳಿದ ಜಾಗವನ್ನೆಲ್ಲ ಬರುವ ಮುನ್ನ ಮಾಡಿಕೊಳ್ಳಬೇಕಾದ ತಯಾರಿಗೇ ಬಿಟ್ಟಿದ್ದೇವೆ. ಇಂಥ ಕಾರ್ಯಾಗಾರಗಳಲ್ಲಿ ಬೆಳಗಿನ ಹೊತ್ತು ಹಾಳಾಗುವುದು ಪಾಠ ಕಷ್ಟವೆಂದಲ್ಲ, ಲ್ಯಾಪ್‌ಟಾಪಿಗೆ ಬೋರ್ಡ್ ಕಾಣಿಸುವುದಿಲ್ಲವೆಂದು.

ಅದಕ್ಕೆ ಹೆಚ್ಚಾಗಿ ಕಾರಣ ಕೇಬಲ್. ಕೆಲವು ಯುಎಸ್‌ಬಿ ಕೇಬಲ್‌ಗಳಲ್ಲಿ ಕರೆಂಟಿನ ಎರಡು ತಂತಿ ಮಾತ್ರ ಇರುತ್ತವೆ, ಮಾಹಿತಿ ಸಾಗಿಸುವ ತಂತಿಗಳೇ ಇರುವುದಿಲ್ಲ. ಬೋರ್ಡಿನ ಪವರ್ ದೀಪ ಉರಿಯುವುದರಿಂದ ಎಲ್ಲ ಸರಿಯಿದೆ ಅನ್ನಿಸುತ್ತದೆ. ಆದರೆ ಆರ್ಡ್ವಿನೋ ತಂತ್ರಾಂಶದ `Tools > Port` ಪಟ್ಟಿಯಲ್ಲಿ ಹೊಸ ಹೆಸರು ಬರುವುದಿಲ್ಲ. ಕೇಬಲ್ ಬದಲಿಸಿದರೂ ಬಾರದಿದ್ದರೆ ಡ್ರೈವರ್ ನೋಡಬೇಕು: ಅಗ್ಗದ ಬೋರ್ಡುಗಳಲ್ಲಿ ಸಾಮಾನ್ಯವಾಗಿ CH340 ಎಂಬ ಚಿಪ್ ಇರುತ್ತದೆ, ಕೆಲವು ಕಂಪ್ಯೂಟರ್‌ಗಳಲ್ಲಿ ಅದರ ಡ್ರೈವರನ್ನು ನಾವೇ ಹಾಕಿಕೊಳ್ಳಬೇಕು. ಬೋರ್ಡ್ ಬೇಕಾದವರು ಗುರುವಾರವೇ ಕ್ಲಬ್ಬಿನಿಂದ ಒಯ್ದು, ತಂತ್ರಾಂಶ ಹಾಕಿಕೊಂಡು, ಈ ಸಾಲುಗಳನ್ನು ಮನೆಯಲ್ಲೇ ಬೋರ್ಡಿಗೆ ಕಳಿಸಿ ನೋಡಬೇಕು.

```
void setup() {
  pinMode(13, OUTPUT);
}
void loop() {
  digitalWrite(13, HIGH);
  delay(200);
  digitalWrite(13, LOW);
  delay(1000);
}
```

ಬೋರ್ಡಿನ ಮೇಲಿನ ಪುಟ್ಟ ದೀಪ ಕ್ಷಣ ಹೊತ್ತಿ, ಒಂದು ಸೆಕೆಂಡ್ ಆರಿರಬೇಕು. ಎರಡೂ ಕಡೆ 1000 ಹಾಕಿಲ್ಲದ್ದು ಬೇಕೆಂದೇ. ಹೊಸ ಬೋರ್ಡುಗಳಲ್ಲಿ ಸಮನಾಗಿ ಮಿನುಗುವ ಪ್ರೋಗ್ರಾಂ ಮೊದಲೇ ಇರುವುದುಂಟು. ಆಗ ನಾವು ಕಳಿಸಿದ್ದು ನಿಜಕ್ಕೂ ತಲುಪಿತೇ ಎಂದು ತಿಳಿಯುವುದಿಲ್ಲ.

ಶನಿವಾರ ಬೆಳಿಗ್ಗೆ ಹೊರಗಿನ ಎಲ್‌ಇಡಿಯನ್ನು ಬ್ರೆಡ್‌ಬೋರ್ಡಿನಲ್ಲಿ ಜೋಡಿಸುತ್ತೇವೆ. ಉನೋದ ಪಿನ್ನು ಕೊಡುವುದು 5 ವೋಲ್ಟ್, ಕೆಂಪು ಎಲ್‌ಇಡಿ ಹಿಡಿದುಕೊಳ್ಳುವುದು ಸುಮಾರು 2. ಉಳಿದ 3 ವೋಲ್ಟನ್ನು 220 ಓಮ್‌ನಿಂದ ಭಾಗಿಸಿದರೆ ಸುಮಾರು 14 ಮಿಲಿಆಂಪಿಯರ್. ಪಿನ್ನಿನಿಂದ 20 ಮಿಲಿಆಂಪಿಯರ್‌ಗಿಂತ ಹೆಚ್ಚು ಎಳೆಯದಿರುವುದು ಕ್ಷೇಮ. ರೆಸಿಸ್ಟರ್ ಬಿಟ್ಟು ಜೋಡಿಸಿದರೂ ದೀಪ ಹತ್ತಬಹುದು, ಇನ್ನೂ ಪ್ರಕಾಶವಾಗಿಯೇ ಹತ್ತಬಹುದು. ಹಾಗೆಂದು ನೆಚ್ಚಬಾರದು, ಪಿನ್ನು ಒಳಗೊಳಗೇ ಸುಡುತ್ತಿರುತ್ತದೆ.

ಊಟದ ನಂತರ ಗುಂಡಿಯ ಪಾಠ. ಇದಕ್ಕೆ ಮಧ್ಯಾಹ್ನ ಪೂರ್ತಿ ಇಟ್ಟಿದ್ದೇವೆ, ಏಕೆಂದರೆ ಮೊದಲ ಸಲ ನಿಜವಾಗಿ ತಲೆಕೆಡುವುದು ಇಲ್ಲೇ. ಗುಂಡಿ ಒತ್ತದೇ ಇದ್ದಾಗ ಪಿನ್ನು ಯಾವುದಕ್ಕೂ ಅಂಟಿಕೊಂಡಿರುವುದಿಲ್ಲ. ಕೈ ಹತ್ತಿರ ತಂದರೆ ಸಾಕು, ದೀಪ ತನ್ನಷ್ಟಕ್ಕೆ ಮಿಣುಕುತ್ತದೆ. `pinMode(2, INPUT_PULLUP)` ಎಂದು ಬರೆದರೆ ಚಿಪ್ಪಿನೊಳಗಿನ ರೆಸಿಸ್ಟರ್ ಪಿನ್ನನ್ನು 5 ವೋಲ್ಟಿನತ್ತ ಎಳೆದು ನಿಲ್ಲಿಸುತ್ತದೆ. ಗುಂಡಿಯ ಇನ್ನೊಂದು ಕಾಲನ್ನು ಗ್ರೌಂಡಿಗೆ ಸೇರಿಸಬೇಕು. ಆಗ ಲೆಕ್ಕ ತಿರುಗುಮುರುಗು: ಒತ್ತಿದಾಗ `LOW`, ಬಿಟ್ಟಾಗ `HIGH`.

ಮೋಟಾರ್ ತರಬೇಡಿ ಎಂದೂ ನೋಟಿಸಿನಲ್ಲಿದೆ. ಪುಟ್ಟ ಮೋಟಾರೂ ಪಿನ್ನಿನ ಮಿತಿ ಮೀರಿ ಕರೆಂಟ್ ಎಳೆಯುತ್ತದೆ; ಅದಕ್ಕೆ ಟ್ರಾನ್ಸಿಸ್ಟರ್ ಬೇಕು, ಅದು ಮುಂದಿನ ಶನಿವಾರದ ಪಾಠ.