ಶನಿವಾರ ನೆಟ್‌ವರ್ಕ್ ಇಲ್ಲ, ಸೋಮವಾರ ಏನೇನು ಬದಲು?

‘ನೆಟ್‌ವರ್ಕ್ ನಿರ್ವಹಣೆ ಕೈಗೊಂಡಿರುವುದರಿಂದ ಶನಿವಾರ ಸೇವೆಯಲ್ಲಿ ವ್ಯತ್ಯಯವಾಗಲಿದೆ, ಸಿಬ್ಬಂದಿ ಸಹಕರಿಸಬೇಕು.’ ಕಚೇರಿಯ ನೋಟಿಸ್ ಬೋರ್ಡಿನಲ್ಲಿ, ವಾಟ್ಸ್ಯಾಪ್ ಗುಂಪಿನಲ್ಲಿ ಇಂಥ ಸೂಚನೆ ಆಗಾಗ ಬರುತ್ತದೆ. ಓದಿದವರಿಗೆ ಶನಿವಾರ ಏನೋ ನಡೆಯುತ್ತದೆ ಎಂದಷ್ಟೇ ತಿಳಿಯುತ್ತದೆ. ನಿಜವಾದ ತೊಂದರೆ ಶುರುವಾಗುವುದು ಸೋಮವಾರ ಬೆಳಿಗ್ಗೆ. ಪ್ರಿಂಟರ್ ಸುಮ್ಮನೆ ಕೂತಿರುತ್ತದೆ, ಫೋಲ್ಡರ್ ತೆರೆಯುವುದಿಲ್ಲ, ಕಂಪ್ಯೂಟರ್ ವಿಭಾಗದ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತದೆ. ಈ ಗೊಂದಲದ ಬಹುಪಾಲನ್ನು ಸರಿಯಾಗಿ ಬರೆದ ಒಂದು ಪುಟದ ಸೂಚನೆಯೇ ತಡೆಯಬಲ್ಲದು. ಅದರಲ್ಲಿ ಏನಿರಬೇಕು, ಏಕಿರಬೇಕು ಎಂಬುದನ್ನು ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ತೊಂಬತ್ತು ಮಂದಿ ಕೆಲಸ ಮಾಡುವ ಒಂದು ಕಚೇರಿ ಎಂದುಕೊಳ್ಳಿ. ನೆಟ್‌ವರ್ಕಿಗೆ ಸೇರುವ ಪ್ರತಿಯೊಂದು ಸಾಧನಕ್ಕೂ ಒಂದು ವಿಳಾಸ ಬೇಕು. ಬಹಳ ಕಚೇರಿಗಳಲ್ಲಿ ಅದು 192.168.1.1ರಿಂದ 192.168.1.254ರವರೆಗೆ ಇರುತ್ತದೆ, ಅಂದರೆ ಒಟ್ಟು 254 ವಿಳಾಸ. ತೊಂಬತ್ತು ಕಂಪ್ಯೂಟರ್, ತೊಂಬತ್ತು ಮೊಬೈಲ್, ಮೇಜಿನ ಮೇಲಿನ 35 ಫೋನು, 24 ಕ್ಯಾಮೆರಾ, 9 ಪ್ರಿಂಟರ್, 2 ಹಾಜರಾತಿ ಯಂತ್ರ, ಒಂದು ಸರ್ವರ್, ಒಂದು ರೂಟರ್ ಸೇರಿದರೆ 252. ಉಳಿದದ್ದು ಎರಡೇ. ಇಬ್ಬರು ಅತಿಥಿಗಳು ಬಂದು ವೈ-ಫೈ ಪಾಸ್‌ವರ್ಡ್ ಕೇಳಿದರೆ ಅವೂ ಖಾಲಿ. ಆಮೇಲೆ ತಡವಾಗಿ ಬಂದವರ ಕಂಪ್ಯೂಟರಿಗೆ ವಿಳಾಸವೇ ಸಿಗುವುದಿಲ್ಲ. ಕೇಬಲ್ ಸರಿಯಿದೆ, ಸಿಗ್ನಲ್ ಇದೆ, ಆದರೂ ಇಂಟರ್ನೆಟ್ ಇಲ್ಲ ಎಂಬ ದೂರು ಶುರುವಾಗುತ್ತದೆ.

ಇದಕ್ಕೆ ಪರಿಹಾರ, ಹಳೆಯ ಸ್ವಿಚ್‌ಗಳನ್ನು ಬದಲಿಸಿ ನೆಟ್‌ವರ್ಕನ್ನು ಭಾಗಗಳಾಗಿ ಒಡೆಯುವುದು. ಕಂಪ್ಯೂಟರುಗಳಿಗೊಂದು ಭಾಗ, ಫೋನುಗಳಿಗೊಂದು, ಕ್ಯಾಮೆರಾಗಳಿಗೊಂದು, ಅತಿಥಿಗಳಿಗೆ ಬೇರೆಯೇ ಒಂದು. ಪ್ರತಿ ಭಾಗಕ್ಕೂ ಅದರದೇ ವಿಳಾಸಗಳ ಸಾಲು ಸಿಗುತ್ತದೆ. ಭಾಗಗಳ ನಡುವೆ ಸರಿಯಾದ ತಡೆ ಹಾಕಿದರೆ ಅತಿಥಿಯ ಮೊಬೈಲಿನಿಂದ ಲೆಕ್ಕಪತ್ರ ವಿಭಾಗದ ಕಂಪ್ಯೂಟರನ್ನು ಮುಟ್ಟಲೂ ಆಗುವುದಿಲ್ಲ. ಕೆಲಸ ಮಾತ್ರ ನೆಟ್‌ವರ್ಕ್ ನಿಲ್ಲಿಸದೆ ಆಗುವಂಥದ್ದಲ್ಲ.

ಹಾಗಾದರೆ ಯಾವ ದಿನ? ತಿಂಗಳಿಗೊಮ್ಮೆ ಜಿಎಸ್‌ಟಿ ಲೆಕ್ಕ ಸಲ್ಲಿಸುವವರಿಗೆ 11 ಮತ್ತು 20ನೇ ತಾರೀಖು ಸಾಮಾನ್ಯವಾಗಿ ಕೊನೆಯ ದಿನಗಳು. ಎರಡನೇ ಶನಿವಾರ 8ರಿಂದ 14ರೊಳಗೆ ಬರುವುದರಿಂದ ಕೆಲವೊಮ್ಮೆ 11ಕ್ಕೇ ಬಂದು ಕೂರುತ್ತದೆ. ನಾಲ್ಕನೇ ಶನಿವಾರ 22ರಿಂದ 28ರೊಳಗೆ ಬರುತ್ತದೆ. ಲೆಕ್ಕ ಸಲ್ಲಿಸಿ ಆಗಿರುತ್ತದೆ, ಅಂದು ಬ್ಯಾಂಕುಗಳಿಗೂ ರಜೆ. ನಮ್ಮ ಉದಾಹರಣೆಯ ಕಚೇರಿಗೂ ಅಂದು ರಜೆ ಎನ್ನೋಣ. ಏನಾದರೂ ಎಡವಟ್ಟಾದರೆ ಸರಿಪಡಿಸಲು ಮರುದಿನ ಭಾನುವಾರ ಇದ್ದೇ ಇದೆ.

ಸೂಚನೆಯಲ್ಲಿ ಬೆಳಿಗ್ಗೆ 10ರಿಂದ ಸಂಜೆ 6 ಎಂದು ಬರೆದಿದ್ದರೆ ಅಷ್ಟೂ ಹೊತ್ತು ಕೆಲಸ ನಡೆಯುತ್ತದೆ ಎಂದಲ್ಲ. ಸ್ವಿಚ್ ಬದಲಿಸಲು ನಾಲ್ಕು ಗಂಟೆ, ಪರೀಕ್ಷಿಸಲು ಒಂದು ಗಂಟೆ. ಮಧ್ಯಾಹ್ನ 3ಕ್ಕೆ ತಂಡ ಒಂದು ತೀರ್ಮಾನಕ್ಕೆ ಬರಬೇಕು. ಹೊಸದು ಸರಿಯಾಗಿ ನಡೆಯುತ್ತಿಲ್ಲ ಎಂದಾದರೆ ಹಳೆಯದನ್ನೇ ಮತ್ತೆ ಜೋಡಿಸಲು ಎರಡು ಗಂಟೆ ಬೇಕು, ಅದನ್ನು ನೋಡಿಕೊಳ್ಳಲು ಇನ್ನೊಂದು. ಹಿಂದಿರುಗುವ ಈ ಹೊತ್ತನ್ನು ಲೆಕ್ಕಕ್ಕೆ ಹಿಡಿಯದೆ ‘ಎರಡು ಗಂಟೆಗೆ ಮುಗಿಯುತ್ತದೆ’ ಎಂದು ಬರೆದರೆ ಆ ಮಾತು ಉಳಿಯುವುದು ಕಷ್ಟ.

ಏನೇನು ನಿಲ್ಲುತ್ತದೆ ಎಂಬುದನ್ನು ಹೆಸರು ಹಿಡಿದು ಬರೆಯಬೇಕು: ಇಂಟರ್ನೆಟ್, ವೈ-ಫೈ, ಪ್ರಿಂಟರ್, ಸರ್ವರಿನ ಫೋಲ್ಡರುಗಳು, ಮೇಜಿನ ಫೋನುಗಳು. ಈ ಕೊನೆಯದು ಎಷ್ಟೋ ಸಲ ಬಿಟ್ಟುಹೋಗುತ್ತದೆ. ಈಗಿನ ಬಹಳಷ್ಟು ಕಚೇರಿ ಫೋನುಗಳಿಗೆ ಬೇರೆ ಕರೆಂಟ್ ವೈರ್ ಇರುವುದಿಲ್ಲ. ಸ್ವಿಚ್ಚಿನಿಂದ ಬರುವ ನೆಟ್‌ವರ್ಕ್ ಕೇಬಲಿನಲ್ಲೇ ಅವುಗಳಿಗೆ ವಿದ್ಯುತ್ತೂ ಹರಿಯುತ್ತದೆ. ಸ್ವಿಚ್ ಆರಿಸಿದರೆ ಫೋನೂ ಆರುತ್ತದೆ. ಹಾಗೆಯೇ ಜೋಡಿಸಿದ ಕ್ಯಾಮೆರಾಗಳೂ ಆರುತ್ತವೆ. ರಜೆಯ ದಿನ ಗೇಟಿನಲ್ಲಿರುವ ಕಾವಲುಗಾರರ ಕೈಗೆ ಸೂಚನೆಯ ಒಂದು ಪ್ರತಿ, ತುರ್ತಿಗೆ ಒಂದು ಮೊಬೈಲ್ ನಂಬರ್ ಕೊಡಲೇಬೇಕು.

ಇನ್ನು ಸಿಬ್ಬಂದಿ ಮಾಡಬೇಕಾದ ಎರಡು ಕೆಲಸ. ಶುಕ್ರವಾರ ಮನೆಗೆ ಹೊರಡುವ ಮುನ್ನ ಸರ್ವರಿನಲ್ಲಿರುವ ಫೈಲುಗಳನ್ನು ಸೇವ್ ಮಾಡಿ ಮುಚ್ಚಬೇಕು. ಸ್ಕ್ರೀನ್ ಲಾಕ್ ಮಾಡಿ ಎದ್ದುಹೋದರೆ ಫೈಲು ತೆರೆದೇ ಇರುತ್ತದೆ. ನಡುವೆ ಸಂಪರ್ಕ ಕಡಿದರೆ ಸೇವ್ ಆಗದ ಭಾಗ ಕೈತಪ್ಪಬಹುದು. ಎರಡನೆಯದು, ಸೋಮವಾರ ಬಂದ ಕೂಡಲೇ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡುವುದು.

ರೀಸ್ಟಾರ್ಟ್ ಏಕೆ? ಕಂಪ್ಯೂಟರಿಗೆ ಸಿಕ್ಕ ವಿಳಾಸ ಶಾಶ್ವತವಲ್ಲ. ಬಾಡಿಗೆ ಮನೆಯಂತೆ ಅದಕ್ಕೊಂದು ಅವಧಿಯಿದೆ. ವಿಂಡೋಸ್ ಸರ್ವರ್ ವಿಳಾಸ ಹಂಚುವ ಕಡೆ, ಯಾರೂ ಬದಲಿಸದಿದ್ದರೆ, ಆ ಅವಧಿ 8 ದಿನ. ಅರ್ಧ ಅವಧಿ ಕಳೆದ ಮೇಲಷ್ಟೇ ಕಂಪ್ಯೂಟರ್ ನವೀಕರಣ ಕೇಳುತ್ತದೆ. ಕೇಬಲ್ ಸಂಪರ್ಕ ಕಡಿದು ಮತ್ತೆ ಬಂದರೆ ಸಾಮಾನ್ಯವಾಗಿ ತಾನಾಗಿಯೇ ಹೊಸದನ್ನು ಕೇಳಿಕೊಳ್ಳುತ್ತದೆ. ಆದರೆ ಕೆಲವರ ಮೇಜಿನಡಿ ನಾಲ್ಕಾರು ಕೇಬಲ್ ಸೇರುವ ಪುಟ್ಟ ಸ್ವಿಚ್ ಇರುತ್ತದೆ. ದೂರದ ದೊಡ್ಡ ಸ್ವಿಚ್ ಆರಿದರೂ ಈ ಪುಟ್ಟದ್ದು ಉರಿಯುತ್ತಲೇ ಇರುವುದರಿಂದ ಕಂಪ್ಯೂಟರಿಗೆ ಏನೂ ಗೊತ್ತಾಗುವುದಿಲ್ಲ. ಹಳೆಯ ವಿಳಾಸವನ್ನೇ ಹಿಡಿದು ಕೂರುತ್ತದೆ. ಇದನ್ನು ಬಲ್ಲ ತಂಡ ಒಂದು ವಾರ ಮೊದಲೇ ಅವಧಿಯನ್ನು ಒಂದು ಗಂಟೆಗೆ ಇಳಿಸಿಡುತ್ತದೆ. ಆದರೂ ರೀಸ್ಟಾರ್ಟ್ ಮಾಡುವುದೇ ಖಚಿತ ದಾರಿ.

ಸೋಮವಾರ ಕಣ್ಣಿಗೆ ಬೀಳುವ ಬದಲಾವಣೆಗಳಲ್ಲಿ ವೈ-ಫೈ ಹೆಸರು, ಪಾಸ್‌ವರ್ಡ್ ಸುಲಭದವು. ಸೂಚನೆಯಲ್ಲಿ ಹೊಸ ಹೆಸರನ್ನು ಹಾಕಿ, ಪಾಸ್‌ವರ್ಡನ್ನು ಬೇರೆಯಾಗಿ ತಿಳಿಸಿದರೆ ಆಯಿತು. ಕಾಡುವುದು ಹಳೆಯ ವಿಳಾಸಕ್ಕೆ ಅಂಟಿಕೊಂಡ ಶಾರ್ಟ್‌ಕಟ್‌ಗಳು. ಯಾರೋ ಎಂದೋ ಡೆಸ್ಕ್‌ಟಾಪಿನಲ್ಲಿ ಹೀಗೊಂದು ದಾರಿ ಮಾಡಿಕೊಟ್ಟಿರುತ್ತಾರೆ:

```
\\192.168.1.10\accounts
```

ಸರ್ವರಿನ ವಿಳಾಸ ಬದಲಾದ ಮೇಲೆ ಇದು ತೆರೆಯುವುದಿಲ್ಲ. ಅಂಕಿಯ ಬದಲು ಸರ್ವರಿನ ಹೆಸರಿನಿಂದ ಮಾಡಿದ ಶಾರ್ಟ್‌ಕಟ್, ಹೆಸರಿನ ಮುಂದೆ ಹೊಸ ವಿಳಾಸ ದಾಖಲಾಗಿದ್ದರೆ, ಎಂದಿನಂತೆ ತೆರೆಯುತ್ತದೆ. ಪ್ರಿಂಟರಿನದೂ ಇದೇ ಕಥೆ: ಅಂಕಿ ಕೊಟ್ಟು ಸೇರಿಸಿದ ಪ್ರಿಂಟರಿಗೆ ಕಳಿಸಿದ ಹಾಳೆಗಳು ಹೊರಬರದೆ ಸರತಿಯಲ್ಲೇ ನಿಲ್ಲುತ್ತವೆ. ಹತ್ತು ಸಲ ಪ್ರಿಂಟ್ ಒತ್ತಿದರೆ ಸರತಿ ಬೆಳೆಯುತ್ತದೆ ಅಷ್ಟೇ. ಹಳೆಯ ಪ್ರಿಂಟರನ್ನು ಪಟ್ಟಿಯಿಂದ ತೆಗೆದು ಹೊಸದಾಗಿ ಸೇರಿಸಬೇಕು. ಆ ಹಂತಗಳನ್ನು ಚಿತ್ರ ಸಹಿತ ಸೂಚನೆಯ ಹಿಂಬದಿಯಲ್ಲಿ ಕೊಡುವುದು ಒಳ್ಳೆಯದು.

ಇಷ್ಟಾದರೂ ಸಂಪರ್ಕ ಸಿಗದಿದ್ದರೆ ತೊಂದರೆ ಎಲ್ಲಿದೆ ಎಂದು ಸಿಬ್ಬಂದಿಯೇ ಅರ್ಧ ನಿಮಿಷದಲ್ಲಿ ನೋಡಬಹುದು. ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಟೈಪ್ ಮಾಡಬೇಕು:

```
ipconfig
```

IPv4 Address ಎಂಬ ಸಾಲಿನ ಮುಂದೆ ಹೊಸ ಸಾಲಿನ ವಿಳಾಸ, ಉದಾಹರಣೆಗೆ 10.10.20 ಎಂದು ಶುರುವಾಗುವುದು ಕಂಡರೆ ಕಂಪ್ಯೂಟರಿಗೆ ಹೊಸ ವಿಳಾಸ ಸಿಕ್ಕಿದೆ. ಮೊದಲು ಪ್ರಿಂಟರನ್ನೋ ಶಾರ್ಟ್‌ಕಟ್ಟನ್ನೋ ನೋಡಬೇಕು. 192.168.1 ಕಂಡರೆ ರೀಸ್ಟಾರ್ಟ್ ಆಗಿಲ್ಲ. ಆದಮೇಲೂ ಅದೇ ಇದ್ದರೆ ಹಿಂದೆ ಯಾರೋ ವಿಳಾಸವನ್ನು ಕೈಯಾರೆ ಬರೆದಿಟ್ಟಿರುವ ಸಾಧ್ಯತೆಯೇ ಹೆಚ್ಚು. 169.254 ಎಂದು ಶುರುವಾದರೆ ಕಂಪ್ಯೂಟರ್ ಕೇಳಿದರೂ ವಿಳಾಸ ಕೊಡುವವರು ಸಿಗದೆ ತಾನೇ ಒಂದನ್ನು ಇಟ್ಟುಕೊಂಡಿದೆ. ಆಗ ಕೇಬಲ್ ಅಥವಾ ಸ್ವಿಚ್ ನೋಡಲು ಜನ ಬರಬೇಕು.

ಹಾಗಾಗಿ ಸೂಚನೆಯ ಕೊನೆಯ ಸಾಲು ‘ಸಹಕರಿಸಿ’ ಎಂದು ಮುಗಿಯಬಾರದು. ಸೋಮವಾರ ಯಾರಿಗೆ, ಯಾವ ನಂಬರಿಗೆ ಫೋನ್ ಮಾಡಬೇಕು, ಮಾಡಿದಾಗ ಯಾವ ಮೂರು ವಿಷಯ ಹೇಳಬೇಕು ಎಂದು ತಿಳಿಸಬೇಕು: ಕೊಠಡಿ ಯಾವುದು, ಏನು ನಡೆಯುತ್ತಿಲ್ಲ, ವಿಳಾಸ ಯಾವ ಅಂಕಿಯಿಂದ ಶುರುವಾಗುತ್ತದೆ. ಇಷ್ಟು ತಿಳಿದರೆ ಯಾವ ದೂರು ಫೋನಿನಲ್ಲೇ ಮುಗಿಯುತ್ತದೆ, ಯಾವುದಕ್ಕೆ ಏಣಿ ಹಿಡಿದು ಮಹಡಿ ಹತ್ತಬೇಕು ಎಂಬುದು ತಂಡಕ್ಕೆ ಕರೆ ಇಡುವ ಮೊದಲೇ ಗೊತ್ತಾಗಿರುತ್ತದೆ.